10 ದಿನ ಕಡ್ಡಾಯ, 14 ದಿನ ಸೂಕ್ತ

ತಾರಸಿಗೆ ಕಾಂಕ್ರೀಟ್ ಹಾಕಿದ ಮೇಲೆ ಎಷ್ಟು ದಿನ ನೀರು ನಿಲ್ಲಿಸಬೇಕು? ಮನೆ ಕಟ್ಟಿಸುವವರೆಲ್ಲ ಮೇಸ್ತ್ರಿಯನ್ನು ಕೇಳುವ ಈ ಪ್ರಶ್ನೆಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 456 ಎಂಬ ಕಾಂಕ್ರೀಟ್ ಮಾನಕದಲ್ಲಿ ಒಂದಲ್ಲ, ಮೂರು ಸಂಖ್ಯೆಗಳಿವೆ. 2000ನೇ ಇಸವಿಯ ಆವೃತ್ತಿಯ 13.5ನೇ ಕಲಂ ತೆರೆದರೆ ಅವು ಒಂದರ ಹಿಂದೊಂದು ಬರುತ್ತವೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಆದರೆ ಕನಿಷ್ಠ 7 ದಿನ. ಹಾರುಬೂದಿ, ಸ್ಲ್ಯಾಗ್‌ನಂಥವು ಬೆರೆತ ಸಿಮೆಂಟ್ ಆದರೆ ಕನಿಷ್ಠ 10 ದಿನ. ಹವೆ ಒಣಗಿ ಬಿಸಿಲು ಸುಡುತ್ತಿದ್ದರೆ ಯಾವ ಸಿಮೆಂಟಿಗಾದರೂ 10ಕ್ಕೆ ಕಡಿಮೆಯಿಲ್ಲ. ಕೊನೆಗೆ, ಬೆರೆಸಿದ ಸಿಮೆಂಟಿನ ಅವಧಿಯನ್ನು 14 ದಿನದವರೆಗೆ ಹಿಗ್ಗಿಸುವ ಮಾತು.

ಈ ಮೂರು ಸಂಖ್ಯೆಗಳ ತೂಕ ಒಂದೇ ಅಲ್ಲ. 7 ಮತ್ತು 10 ಕಡ್ಡಾಯದ ಸಂಖ್ಯೆಗಳು, 14 ಶಿಫಾರಸಿನ ಸಂಖ್ಯೆ. ಇಂಗ್ಲಿಷ್ ಮೂಲದಲ್ಲಿ ಈ ವ್ಯತ್ಯಾಸವನ್ನು ಹೊತ್ತಿರುವುದು ‘ಶ್ಯಾಲ್’ ಎಂಬ ಪುಟ್ಟ ಸಹಾಯಕ ಕ್ರಿಯಾಪದ ಮತ್ತು ಅದರ ಜಾಗದಲ್ಲಿ ಬಂದ ‘ಶಿಫಾರಸು ಮಾಡಲಾಗಿದೆ’ ಎಂಬರ್ಥದ ಮಾತು. ಕನ್ನಡಕ್ಕೆ ತರುವವರು ನಾಲ್ಕೂ ವಾಕ್ಯಗಳನ್ನು ‘ಬೇಕು’ ಎಂದು ಮುಗಿಸಿದರೆ ಸಂಖ್ಯೆಗಳು ಸರಿಯಾಗಿಯೇ ಉಳಿದಿರುತ್ತವೆ, ಮಾನಕ ಮಾತ್ರ ಬದಲಾಗಿರುತ್ತದೆ.

ಮಾನಕ ಬರೆಯುವವರ ಲೋಕದಲ್ಲಿ ಈ ಕ್ರಿಯಾಪದಗಳಿಗೆ ನಿಘಂಟಿನ ಅರ್ಥವಲ್ಲ, ಗೊತ್ತುಪಡಿಸಿದ ಅರ್ಥ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಮತ್ತು ವಿದ್ಯುತ್ ಕ್ಷೇತ್ರದ ಐಇಸಿ ಸೇರಿ ಹೊರತಂದಿರುವ ನಿರ್ದೇಶಿಕೆಗಳ ಎರಡನೇ ಭಾಗದಲ್ಲಿ ಇದಕ್ಕಾಗಿಯೇ ಕೋಷ್ಟಕಗಳಿವೆ. ‘ಶ್ಯಾಲ್’ ಎಂದರೆ ಅವಶ್ಯ ಪಾಲನೆ: ಇದನ್ನು ಮಾಡದೆ ಮಾನಕಕ್ಕೆ ಬದ್ಧವಾಗಿದ್ದೇವೆ ಎಂದು ಹೇಳಿಕೊಳ್ಳುವಂತಿಲ್ಲ. ‘ಶುಡ್’ ಎಂದರೆ ಶಿಫಾರಸು: ಹಲವು ದಾರಿಗಳಲ್ಲಿ ಇದು ಮೇಲು, ಆದರೆ ಬೇರೆ ದಾರಿ ಹಿಡಿದವರು ಮಾನಕ ಮುರಿದಂತಲ್ಲ. ‘ಮೇ’ ಎಂದರೆ ಅನುಮತಿ. ‘ಕ್ಯಾನ್’ ಎಂದರೆ ಸಾಮರ್ಥ್ಯ ಅಥವಾ ಸಾಧ್ಯತೆ, ಅದರಲ್ಲಿ ಅನುಮತಿಯ ಮಾತೇ ಇಲ್ಲ. ‘ಮಸ್ಟ್’ ಎಂಬ ಪದವನ್ನು ‘ಶ್ಯಾಲ್’ ಬದಲಿಗೆ ಬಳಸಬಾರದೆಂದು ಅಲ್ಲಿಯೇ ಹೇಳಿದೆ. ದೇಶದ ಕಾನೂನು, ನಿಸರ್ಗದ ನಿಯಮ ಇಂಥ ಹೊರಗಿನ ಕಟ್ಟುಪಾಡುಗಳಿಗೆ ಅದು ಮೀಸಲು. ಈ ಮಾನಕವೇ ಹಾಕಿದ ಷರತ್ತು ಯಾವುದು, ಬೇರೆಯವರು ಹಾಕಿದ್ದು ಯಾವುದು ಎಂಬುದು ಓದುಗರಿಗೆ ಕಲಸಿಹೋಗಬಾರದಲ್ಲ.

ಇಷ್ಟೊಂದು ಬಿಗಿ ಏಕೆಂದರೆ ಈ ಪದಗಳು ಕೆಲಸಕ್ಕೆ ಬರುವುದು ಜಗಳದ ಹೊತ್ತಿನಲ್ಲಿ. ಮಾನಕವೆಂಬುದು ತಾನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಟೆಂಡರಿನಲ್ಲಿ ‘ಕೆಲಸ ಐಎಸ್ 456ಕ್ಕೆ ಅನುಗುಣವಾಗಿರತಕ್ಕದ್ದು’ ಎಂದು ಬರೆದಾಗ, ಅಥವಾ ಸರ್ಕಾರ ಅದನ್ನು ನಿಯಮವಾಗಿ ತಂದಾಗ, ಒಳಗಿನ ಪ್ರತಿಯೊಂದು ‘ಶ್ಯಾಲ್’ ಗುತ್ತಿಗೆದಾರನ ಹೊಣೆಯಾಗುತ್ತದೆ. ಬೆರೆಸಿದ ಸಿಮೆಂಟ್ ಬಳಸಿದ ತಾರಸಿಗೆ ಒಂಬತ್ತು ದಿನಕ್ಕೇ ನೀರು ನಿಲ್ಲಿಸಿದರೆ ತಪಾಸಣೆಗೆ ಬಂದ ಎಂಜಿನಿಯರ್ ಅದನ್ನು ಲೋಪವೆಂದು ದಾಖಲಿಸಬಹುದು, ಬಿಲ್ ತಡೆಯಬಹುದು. ಹನ್ನೊಂದನೇ ದಿನ ನಿಲ್ಲಿಸಿದರೆ ಹಾಗೆ ಮಾಡುವಂತಿಲ್ಲ. ‘ಇನ್ನು ಮೂರು ದಿನ ಏಕೆ ಮುಂದುವರಿಸಲಿಲ್ಲ’ ಎಂದು ಕಾರಣ ಕೇಳಬಹುದು, ಅಷ್ಟೆ. ಈಗ 14ರ ವಾಕ್ಯವನ್ನು ಕನ್ನಡದಲ್ಲಿ ‘ವಿಸ್ತರಿಸಬೇಕು’ ಎಂದು ಬರೆದರೆ ಹನ್ನೊಂದು ದಿನ ನೀರು ಕಟ್ಟಿದವನು ತಪ್ಪಿತಸ್ಥನಾಗುತ್ತಾನೆ. ‘ವಿಸ್ತರಿಸಬಹುದು’ ಎಂದರೆ ಸಮಿತಿ ಕೊಟ್ಟ ಸಲಹೆ ಕರಗಿ, ಇಷ್ಟ ಬಂದರೆ ಮಾಡಿ ಎಂಬ ಸಡಿಲಿಕೆಯಾಗುತ್ತದೆ. ಎರಡೂ ಅನುವಾದಗಳು ಓದಲು ಸಹಜವಾಗಿವೆ. ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಈ ಮಟ್ಟಗಳ ಹಿಂದೆ ಕಾಂಕ್ರೀಟಿನ ರಸಾಯನವೇ ಇದೆ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ಸೇರಿ. ಮೊದಲ ವಾರದಲ್ಲಿ ಈ ಕ್ರಿಯೆ ಬಿರುಸಾಗಿರುತ್ತದೆ. ಆಗ ಮೇಲ್ಮೈ ಒಣಗಿದರೆ ಒಳಗಿನ ನೀರು ಆವಿಯಾಗಿ, ಬಿರುಕು ಬಿಟ್ಟು, ಮೇಲಿನ ಪದರ ಪುಡಿಯಾಗುತ್ತದೆ. ಹಾರುಬೂದಿ ಬೆರೆತಿದ್ದರೆ ಇನ್ನೊಂದು ಹಂತ ಸೇರುತ್ತದೆ. ಸಿಮೆಂಟ್ ನೀರಿನೊಡನೆ ಸೇರಿದಾಗ ಹೊರಬರುವ ಸುಣ್ಣದ ಜೊತೆ ಬೂದಿ ನಿಧಾನವಾಗಿ ವರ್ತಿಸಿ ರಂಧ್ರಗಳನ್ನು ತುಂಬುತ್ತದೆ. ಈ ನಿಧಾನದ ಕೆಲಸಕ್ಕೂ ನೀರಿರಬೇಕು. 10 ದಿನ ಅದರ ಕೆಳಮಿತಿ, ಅದಕ್ಕಿಂತ ಕಡಿಮೆಯನ್ನು ಮಾನಕ ಒಪ್ಪುವುದಿಲ್ಲ. 14 ದಿನ ಮುಂದುವರಿಸಿದರೆ ಕಾಂಕ್ರೀಟ್ ಇನ್ನಷ್ಟು ಬಿಗಿಯಾಗುತ್ತದೆ, ಆದರೆ ಎಲ್ಲ ಕೆಲಸಗಳಲ್ಲೂ ಅದನ್ನು ಹೇರಲಾಗದು. ನೀರಿನ ಅಭಾವವಿದ್ದೀತು, ಮೇಲಿನ ಅಂತಸ್ತಿನ ಕೆಲಸ ಕಾಯುತ್ತಿದ್ದೀತು. ಈ ತೂಗಾಟದ ಫಲವೇ ಎರಡು ಸಂಖ್ಯೆ, ಎರಡು ಮಟ್ಟ. ಮಟ್ಟ ಅಳಿಸಿದ ಅನುವಾದ ತಜ್ಞರು ತೂಗಿ ತೀರ್ಮಾನಿಸಿದ್ದನ್ನೇ ಅಳಿಸಿದಂತೆ.

ಕನ್ನಡದ ತೊಡಕು ಇರುವುದು ‘ಬೇಕು’ ಎಂಬುದರಲ್ಲಿ. ‘ನನಗೆ ಕಾಫಿ ಬೇಕು’ ಎಂಬಲ್ಲಿ ಅದು ಆಸೆ, ‘ದೊಡ್ಡವರ ಮಾತು ಕೇಳಬೇಕು’ ಎಂಬಲ್ಲಿ ಬುದ್ಧಿಮಾತು, ‘ತೆರಿಗೆ ಕಟ್ಟಬೇಕು’ ಎಂಬಲ್ಲಿ ಕಟ್ಟಳೆ. ಕೇಳುವವರು ಸಂದರ್ಭ ನೋಡಿ ತೂಕ ಹಾಕಿಕೊಳ್ಳುತ್ತಾರೆ. ಮಾನಕದಲ್ಲಿ ಹಾಗೆ ಸಂದರ್ಭ ನೋಡಿ ಊಹಿಸುವ ಕೆಲಸವನ್ನು ಓದುಗರಿಗೆ ಬಿಡುವಂತಿಲ್ಲ. ಹಾಗಾಗಿ ಕೆಲವರು ‘ಶ್ಯಾಲ್’ಗೆ ‘ಮಾಡಲೇಬೇಕು’, ‘ಶುಡ್’ಗೆ ‘ಮಾಡಬೇಕು’ ಎಂದು ಹಂಚುತ್ತಾರೆ. ನನಗೆ ಇದು ಅಪಾಯದ ಹಂಚಿಕೆ ಎನಿಸುತ್ತದೆ. ಕಡ್ಡಾಯಕ್ಕೂ ಸಲಹೆಗೂ ನಡುವಿನ ಗೋಡೆ ‘ಲೇ’ ಎಂಬ ಒಂದಕ್ಷರದ್ದಾಗುತ್ತದೆ. ಬೆರಳಚ್ಚಿನಲ್ಲಿ ಅದು ಬಿಟ್ಟುಹೋದರೆ ಷರತ್ತೇ ಬಿದ್ದುಹೋಯಿತು. ಮೇಲಾಗಿ ಬರಿಯ ‘ಮಾಡಬೇಕು’ ಎಂಬುದನ್ನು ಯಾವ ಗುತ್ತಿಗೆದಾರನೂ, ಯಾವ ನ್ಯಾಯಾಲಯವೂ ಸಲಹೆಯೆಂದು ಓದುವುದಿಲ್ಲ.

ನಮ್ಮಲ್ಲಿ ಆಗಲೇ ಸಿದ್ಧವಾಗಿರುವ ಇನ್ನೊಂದು ಸಾಮಗ್ರಿ ಕಾನೂನಿನ ಕನ್ನಡ. ಸಂವಿಧಾನದ ಕನ್ನಡ ಪಾಠದಲ್ಲಿ, ರಾಜ್ಯದ ಅಧಿನಿಯಮಗಳಲ್ಲಿ ‘ಶ್ಯಾಲ್’ ಎಂಬುದು ‘ತಕ್ಕದ್ದು’ ಎಂದೂ, ಅದರ ನಿಷೇಧ ‘ತಕ್ಕದ್ದಲ್ಲ’ ಎಂದೂ, ‘ಮೇ’ ಎಂಬುದು ‘ಬಹುದು’ ಎಂದೂ ಬರುತ್ತವೆ. ‘ತಕ್ಕದ್ದು’ ಎಂಬುದರ ಮೂಲಾರ್ಥ ‘ತಕ್ಕುದಾದುದು’, ಅಂದರೆ ಯೋಗ್ಯವಾದುದು. ಕಾನೂನಿನ ರೂಢಿ ತಿಳಿಯದವರಿಗೆ ಅದು ಸಲಹೆಯಂತೆ ಕೇಳಿಸಬಹುದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಗುತ್ತಿಗೆಗೆ ಅಂಟಿಕೊಳ್ಳುವ ದಾಖಲೆಯಲ್ಲಿ ನಾನು ‘ತಕ್ಕದ್ದು’ ಎಂಬುದನ್ನೇ ಆರಿಸುತ್ತೇನೆ. ದಿನಬಳಕೆಯ ಮಾತಿನಲ್ಲಿ ಈ ಪ್ರತ್ಯಯ ಈಗ ಬದುಕಿಲ್ಲ, ಆದ್ದರಿಂದ ಬೇರೆ ಅರ್ಥಗಳು ಒಳನುಸುಳುವುದಿಲ್ಲ. ಕಚೇರಿಯ ಸೂಚನೆಗಳನ್ನು ಓದಿ ಬೆಳೆದವರಿಗೆ ಅದರ ಧ್ವನಿ ಗೊತ್ತು. ದಾಖಲೆಯ ಮೊದಲ ಪುಟದಲ್ಲೇ ಇದರರ್ಥ ಇಷ್ಟೇ ಎಂದು ಬರೆದುಬಿಟ್ಟರೆ ಆಕ್ಷೇಪಕ್ಕೂ ಉತ್ತರ ಸಿಕ್ಕಿತು. ಸೈಟಿನಲ್ಲಿ ಮೇಸ್ತ್ರಿಗಳ ಕೈಗೆ ಕೊಡುವ ಹಾಳೆಯಲ್ಲಿ ‘ಬೇಕು’ ಎಂದೇ ಇರಲಿ, ಆದರೆ ಸಲಹೆಗೆ ಅದೇ ಪದ ಬಾರದಂತೆ ನೋಡಿಕೊಂಡು.

ಸಲಹೆಗೆ ಕ್ರಿಯಾಪದದ ಬಾಲವನ್ನೇ ಹುಡುಕುತ್ತ ಕೂರುವುದು ವ್ಯರ್ಥ, ಕನ್ನಡದಲ್ಲಿ ಅಂಥದ್ದು ಇಲ್ಲ. ಫ್ರೆಂಚರಿಗೂ ಇರಲಿಲ್ಲ. ಐಎಸ್‌ಒ ಮಾನಕಗಳ ಫ್ರೆಂಚ್ ಪಾಠದಲ್ಲಿ ‘ಶ್ಯಾಲ್’ಗೆ ನೇರವಾದ ಕ್ರಿಯಾಪದವಿದೆ, ‘ಶುಡ್’ಗೆ ಮಾತ್ರ ‘ಹೀಗೆ ಮಾಡುವುದು ಉಚಿತ’ ಎಂಬರ್ಥದ ವಾಕ್ಯವನ್ನೇ ಗೊತ್ತುಮಾಡಿಕೊಂಡಿದ್ದಾರೆ. ಆ ಮಾದರಿ ನಮ್ಮ ಜಾಯಮಾನಕ್ಕೆ ಚೆನ್ನಾಗಿ ಒಗ್ಗುತ್ತದೆ. ‘ಮಾಡುವುದು ಸೂಕ್ತ’, ನಿಷೇಧಕ್ಕೆ ‘ಮಾಡದಿರುವುದು ಸೂಕ್ತ’. ಒಂದನ್ನು ಆರಿಸಿಕೊಂಡ ಮೇಲೆ ಮುಂದಿನ ಪುಟದಲ್ಲಿ ಬೇಸರವಾಯಿತೆಂದು ‘ಒಳ್ಳೆಯದು’, ‘ಅಪೇಕ್ಷಣೀಯ’, ‘ಉತ್ತಮ’ ಎಂದು ಬದಲಾಯಿಸಬಾರದು. ಕಥೆಯಲ್ಲಿ ಪದ ಮರುಕಳಿಸಿದರೆ ಕುಂದು. ಮಾನಕದಲ್ಲಿ ಪದ ಬದಲಾದರೆ ಓದುಗರು ಅರ್ಥವೂ ಬದಲಾಯಿತೆಂದೇ ತಿಳಿಯುತ್ತಾರೆ, ಹಾಗೆ ತಿಳಿಯುವುದು ಸರಿ ಕೂಡ.

ಪದಗಳನ್ನು ಗೊತ್ತುಮಾಡಿಕೊಂಡರೂ ಕನ್ನಡ ವಾಕ್ಯದ ಕಟ್ಟಡದಲ್ಲಿ ಇನ್ನೊಂದು ಬಲೆ ಇದೆ, ಇದರ ಬಗ್ಗೆ ಅನುವಾದಕರು ಮಾತಾಡುವುದು ಕಡಿಮೆ. ಇಂಗ್ಲಿಷಿನಲ್ಲಿ ಪ್ರತಿ ಉಪವಾಕ್ಯಕ್ಕೂ ತನ್ನದೇ ಸಹಾಯಕ ಕ್ರಿಯಾಪದ ಇರಬಹುದು. ನಾವು ‘ಹೊದಿಸಿ, ನೆನೆಸಿ, ಕಾದು’ ಎಂದು ಕೂಡಿಸುತ್ತ ಹೋಗಿ, ಕೊನೆಯ ಕ್ರಿಯಾಪದಕ್ಕೆ ಮಾತ್ರ ಬಾಲ ಹಚ್ಚುತ್ತೇವೆ. ಆ ಬಾಲದ ಬಣ್ಣ ಹಿಂದಿನ ಎಲ್ಲ ಕ್ರಿಯೆಗಳಿಗೂ ಹರಡುತ್ತದೆ. ಈ ವಾಕ್ಯ ನೋಡಿ: ‘ಬೆರೆಸಿದ ಸಿಮೆಂಟಿನ ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ, ಕನಿಷ್ಠ 10 ದಿನ ಒದ್ದೆಯಾಗಿಟ್ಟು, 14 ದಿನದವರೆಗೆ ಮುಂದುವರಿಸುವುದು ಸೂಕ್ತ.’ ಕನ್ನಡ ಸೊಗಸಾಗಿದೆ, ಮಾಹಿತಿ ಪೂರ್ತಿಯಾಗಿದೆ. ಆದರೆ ಒದ್ದೆಯಾಗಿಡುವುದೂ ಇಲ್ಲಿ ‘ಸೂಕ್ತ’ ಮಾತ್ರವಾಗಿ ಇಳಿದುಹೋಗಿದೆ. ಕೊನೆಯಲ್ಲಿ ‘ಮುಂದುವರಿಸತಕ್ಕದ್ದು’ ಎಂದಿದ್ದರೆ ಆಗುತ್ತಿದ್ದುದು ಇದರ ತಿರುವುಮುರುವು, ಸಲಹೆ ಕಡ್ಡಾಯಕ್ಕೆ ಏರುತ್ತಿತ್ತು.

ಆದ್ದರಿಂದ ಮಾನಕದ ಕನ್ನಡದಲ್ಲಿ ಒಂದು ವಾಕ್ಯಕ್ಕೆ ಒಂದೇ ಮಟ್ಟ. ಮಟ್ಟ ಬದಲಾಗುವ ಕಡೆ ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರುಮಾಡಬೇಕು. 13.5ನೇ ಕಲಂನ ಹುರುಳನ್ನು ಈ ಕ್ರಮದಲ್ಲಿ ಬಿಡಿಸಿದರೆ ಹೀಗಾಗುತ್ತದೆ:

‘ಕಾಂಕ್ರೀಟಿನ ತೆರೆದ ಮೇಲ್ಮೈಯನ್ನು ನೀರು ನಿಲ್ಲಿಸಿ ಅಥವಾ ಗೋಣಿಚೀಲ, ಕ್ಯಾನ್ವಾಸಿನಂಥವನ್ನು ಹೊದಿಸಿ ಸತತವಾಗಿ ಒದ್ದೆಯಾಗಿಡತಕ್ಕದ್ದು. ಈ ಅವಧಿಯು ಕಾಂಕ್ರೀಟ್ ಹಾಕಿದ ದಿನದಿಂದ ಎಣಿಸಿ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 7 ದಿನಕ್ಕೂ ಬೆರೆಸಿದ ಸಿಮೆಂಟಿಗೆ 10 ದಿನಕ್ಕೂ ಕಡಿಮೆಯಿರತಕ್ಕದ್ದಲ್ಲ. ಒಣ ಹಾಗೂ ಬಿಸಿ ಹವೆಯಲ್ಲಿ ಅದು 10 ದಿನಕ್ಕೆ ಕಡಿಮೆಯಿರತಕ್ಕದ್ದಲ್ಲ. ಬೆರೆಸಿದ ಸಿಮೆಂಟಿಗೆ ಮೇಲಿನ ಕನಿಷ್ಠ ಅವಧಿಯನ್ನು 14 ದಿನಕ್ಕೆ ವಿಸ್ತರಿಸುವುದು ಸೂಕ್ತ.’

ಮೊದಲ ವಾಕ್ಯದಲ್ಲಿ ‘ನಿಲ್ಲಿಸಿ’, ‘ಹೊದಿಸಿ’ ಎಂಬ ಕೂಡಿಕೆ ಉಳಿದಿದೆ, ಏಕೆಂದರೆ ಅಲ್ಲಿ ಎಲ್ಲವೂ ಕಡ್ಡಾಯದ ಮಟ್ಟದಲ್ಲೇ ಇವೆ. ‘ಒದ್ದೆಯಾಗಿ ಇಡಲ್ಪಡತಕ್ಕದ್ದು’ ಎಂಬ ಕರ್ಮಣಿ ರೂಪವೂ ಬೇಕಾಗಲಿಲ್ಲ. ಮಾಡುವವರ ಹೆಸರಿಲ್ಲದೆಯೇ ನಡೆಯುವ ಸೌಕರ್ಯ ನಮ್ಮ ಭಾಷೆಗೆ ಇದೆ.

ಇಲ್ಲೊಂದು ಸೂಕ್ಷ್ಮವಿದೆ. 14ರ ಮೂಲ ವಾಕ್ಯದಲ್ಲಿ ‘ಶಿಫಾರಸು’ ಮತ್ತು ‘ಮೇ’ ಎರಡೂ ಒಟ್ಟಿಗೆ ಬಂದಿವೆ. ವಿಸ್ತರಿಸಬಹುದೆಂದು ಶಿಫಾರಸು ಮಾಡಲಾಗಿದೆ ಎಂಬ ಧಾಟಿ. ಅನುಮತಿ ಕೊಡುವುದಕ್ಕೆ ಯಾರ ಶಿಫಾರಸೂ ಬೇಕಿಲ್ಲ. ಕನಿಷ್ಠ ಅವಧಿಯನ್ನು ಮೀರಿ ನೀರು ಕಟ್ಟಲು ಯಾರ ಅನುಮತಿಯೂ ಬೇಕಿಲ್ಲ. ಹಾಗಾಗಿ ಅಲ್ಲಿನ ತೂಕವೆಲ್ಲ ಶಿಫಾರಸಿನಲ್ಲೇ ಇದೆ ಎಂದು ಓದಿ ‘ಸೂಕ್ತ’ ಎಂದು ಬರೆದಿದ್ದೇನೆ. ಆದರೆ ಇದು ಓದಿನ ತೀರ್ಮಾನ, ಮೂಲದಲ್ಲಿ ಸ್ಪಷ್ಟವಾಗಿ ಇರುವುದಲ್ಲ. ಇಂಥ ಕಡೆ ಅನುವಾದಕರು ಸದ್ದಿಲ್ಲದೆ ನೇರ್ಪಡಿಸುವ ಬದಲು, ಮೂಲದಲ್ಲಿ ಎರಡು ಮಟ್ಟದ ಪದಗಳಿವೆ, ಹೀಗೆ ಓದಿದ್ದೇವೆ ಎಂದು ಅಡಿಟಿಪ್ಪಣಿಯಲ್ಲಿ ಬರೆಯುವುದು ಪ್ರಾಮಾಣಿಕ ದಾರಿ.

ನಿಷೇಧದ ಮಾತಿಗೆ ಬಂದರೆ ಕನ್ನಡಕ್ಕೆ ಒಂದು ಅನುಕೂಲವಿದೆ. ಇಂಗ್ಲಿಷಿನ ‘ಮೇ ನಾಟ್’ ಎಂಬುದು ‘ಮಾಡಕೂಡದು’ ಎಂದೂ ಆಗಬಹುದು, ‘ಮಾಡದೆಯೂ ಇರಬಹುದು’ ಎಂದೂ ಆಗಬಹುದು. ಐಎಸ್‌ಒ ನಿರ್ದೇಶಿಕೆ ನಿಷೇಧಕ್ಕೆ ಆ ರೂಪ ಬಳಸದಂತೆ ಹೇಳುವುದು ಅದಕ್ಕೇ. ಜರ್ಮನ್ನಿನಲ್ಲಿ ‘ಮುಸ್ ನಿಖ್ಟ್’ ಎಂದರೆ ‘ಮಾಡಬೇಕಾಗಿಲ್ಲ’, ಇಂಗ್ಲಿಷಿನ ‘ಮಸ್ಟ್ ನಾಟ್’ ಎಂದರೆ ‘ಮಾಡಬಾರದು’. ಒಂದೇ ಬೇರಿನ ಪದಗಳು ಎದುರುಬದುರಾಗಿ ನಿಂತಿವೆ. ನಮ್ಮಲ್ಲಿ ‘ಬಾರದು’, ‘ಬೇಕಾಗಿಲ್ಲ’, ‘ಮಾಡದಿರಬಹುದು’ ಮೂರೂ ಬೇರೆಬೇರೆಯಾಗಿಯೇ ಕೇಳಿಸುತ್ತವೆ. ಕನ್ನಡ ಎಡವುವುದು ಶಿಫಾರಸಿನ ನಿಷೇಧದಲ್ಲಿ.

ಅದೇ ಮಾನಕದ 5.4ನೇ ಕಲಂ ಕಾಂಕ್ರೀಟಿಗೆ ಬಳಸುವ ನೀರಿನ ಬಗ್ಗೆ. ಕಾರವಾರದಿಂದ ಮಂಗಳೂರಿನವರೆಗೆ ಕಡಲ ಬದಿಯಲ್ಲಿ ಕಟ್ಟುವವರಿಗೆ ಅದರೊಳಗಿನ ಸಮುದ್ರದ ನೀರಿನ ಭಾಗ ಮುಖ್ಯ. ಕಲೆಸಲಿಕ್ಕಾಗಲಿ ಕ್ಯೂರಿಂಗಿಗಾಗಲಿ ಸಮುದ್ರದ ನೀರನ್ನು ಮಾನಕ ಶಿಫಾರಸು ಮಾಡುವುದಿಲ್ಲ. ಅನಿವಾರ್ಯವಾದರೆ ಒಳಗೆ ಕಬ್ಬಿಣವಿಲ್ಲದ ಸಾದಾ ಕಾಂಕ್ರೀಟಿಗೆ, ತೊಂದರೆಗಳನ್ನೂ ಮುನ್ನೆಚ್ಚರಿಕೆಗಳನ್ನೂ ಯೋಚಿಸಿದ ಮೇಲೆ, ಬಳಸಲು ಅನುಮತಿ ಕೊಡುತ್ತದೆ. ಮೊದಲರ್ಧವನ್ನು ‘ಶಿಫಾರಸು ಮಾಡಿಲ್ಲ’ ಎಂದು ಅನುವಾದಿಸಿದರೆ ಕನ್ನಡದ ಕಿವಿಗೆ ಅದು ಮೌನದಂತೆ ಕೇಳಿಸುತ್ತದೆ, ಮಾನಕ ಈ ಬಗ್ಗೆ ಏನೂ ಹೇಳಿಲ್ಲ ಎಂಬಂತೆ. ‘ಬಳಸಬಾರದು’ ಎಂದರೆ ಮುಂದಿನ ವಾಕ್ಯದ ಅನುಮತಿಗೆ ಅದು ನೇರ ಅಡ್ಡ ಬರುತ್ತದೆ. ‘ಬಳಸದಿರುವುದು ಸೂಕ್ತ’ ಎಂಬಲ್ಲಿ ಮಾತ್ರ ಎರಡೂ ವಾಕ್ಯಗಳು ಕೂಡಿ ಬಾಳುತ್ತವೆ.

ಎರಡನೆಯರ್ಧದಲ್ಲಿ ಒಳ್ಳೆಯ ಉದ್ದೇಶದ ಅನುವಾದಕರೇ ಬೀಳುವ ಹಳ್ಳವಿದೆ. ಕಬ್ಬಿಣವಿದ್ದ ಕಡೆ ಉಪ್ಪುನೀರು ಬಳಸಿದರೆ ಸರಳು ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನೇ ಸಿಡಿಸುತ್ತದೆ ಎಂದು ಬಲ್ಲವರು ‘ಸಾದಾ ಕಾಂಕ್ರೀಟಿಗೆ ಮಾತ್ರ ಬಳಸಬಹುದು’ ಎಂದು ಒಂದು ‘ಮಾತ್ರ’ ಸೇರಿಸುತ್ತಾರೆ. ಆ ಪದ ಬಂದ ಕೂಡಲೇ ವಾಕ್ಯ ಅನುಮತಿಯಾಗಿ ಉಳಿಯುವುದಿಲ್ಲ. ‘ಇಷ್ಟಕ್ಕೆ ಮಾತ್ರ ಅನುಮತಿ’ ಎಂಬ ಮಾದರಿಯನ್ನು ಐಎಸ್‌ಒ ಕೋಷ್ಟಕ ಇಟ್ಟಿರುವುದೇ ‘ಶ್ಯಾಲ್’ ಸಾಲಿನಲ್ಲಿ. ಮೂಲದಲ್ಲಿ ಇಲ್ಲದ ಒಂದು ಕಡ್ಡಾಯ ಹೀಗೆ ಹುಟ್ಟಿಕೊಳ್ಳುತ್ತದೆ. ಹಾಗಾದರೆ ಕಬ್ಬಿಣದ ಕಾಂಕ್ರೀಟಿಗೆ ರಕ್ಷಣೆಯೇ ಇಲ್ಲವೇ? ಇದೆ, ಅದೇ ಕಲಂನ ಕೋಷ್ಟಕದಲ್ಲಿ. ಕಬ್ಬಿಣವಿರುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರುವಂತಿಲ್ಲ, ಕಬ್ಬಿಣವಿಲ್ಲದಿದ್ದರೆ 2000. ಇದು ‘ಶ್ಯಾಲ್’ ಮಟ್ಟದ ಮಾತು. ಸಮುದ್ರದ ನೀರಿನಲ್ಲಿ ಅದು ಸುಮಾರು 19,000 ಇರುತ್ತದೆ. ಎರಡು ಮಿತಿಗಳನ್ನೂ ಎಷ್ಟೋ ಪಟ್ಟು ಮೀರುವ ಕಾರಣಕ್ಕೇ ಸಾದಾ ಕಾಂಕ್ರೀಟಿಗೂ ‘ಬಳಸಬಹುದು’ ಎಂಬ ವಿಶೇಷ ವಿನಾಯಿತಿ ಬೇಕಾಯಿತು. ಕಡ್ಡಾಯವನ್ನು ಕೋಷ್ಟಕ ಹೊತ್ತಿದೆ, ವಾಕ್ಯ ಅನುಮತಿಯನ್ನಷ್ಟೇ ಹೊತ್ತಿದೆ. ಅನುವಾದದಲ್ಲೂ ಹೊರೆ ಹಾಗೆಯೇ ಹಂಚಿರಬೇಕು.

‘ಬಹುದು’ ಎಂಬುದಕ್ಕೂ ಒಂದು ಬೇಲಿ ಬೇಕು. ‘ಅನಿವಾರ್ಯವಾದರೆ ಬಳಸಬಹುದು’ ಎಂಬಲ್ಲಿ ಅದು ಅನುಮತಿ, ‘ಮೇಲ್ಮೈಯಲ್ಲಿ ಕಲೆ ಮೂಡಬಹುದು’ ಎಂಬಲ್ಲಿ ಸಂಭವ. ಪಕ್ಕಪಕ್ಕದ ಸಾಲುಗಳಲ್ಲಿ ಎರಡೂ ಬಂದರೆ, ಕಲೆಗೂ ಮಾನಕ ಅನುಮತಿ ಕೊಟ್ಟಿದೆ ಎಂದು ವಾದಿಸುವವರು ಸಿಗುತ್ತಾರೆ. ಹಾಗಾಗಿ ‘ಬಹುದು’ ಅನುಮತಿಗೆ ಮೀಸಲಾಗಲಿ. ಸಂಭವಕ್ಕೆ ‘ಸಾಧ್ಯತೆ ಇದೆ’, ಸಾಮರ್ಥ್ಯಕ್ಕೆ ‘ಸಾಧ್ಯ’ ಎಂದು ಬರೆದರೆ ಸಾಕು.

ಅನುವಾದ ಮುಗಿದ ಮೇಲೆ ಮಟ್ಟಗಳು ಉಳಿದಿವೆಯೇ ಎಂದು ತಿಳಿಯುವುದು ಹೇಗೆ? ಒಂದು ದಾರಿ ಎಣಿಕೆ. ಕಲಂ ಕಲಂ ಹಿಡಿದು ಮೂಲದಲ್ಲಿ ಎಷ್ಟು ‘ಶ್ಯಾಲ್’ ಇವೆ, ಕನ್ನಡದಲ್ಲಿ ಎಷ್ಟು ‘ತಕ್ಕದ್ದು’, ‘ತಕ್ಕದ್ದಲ್ಲ’ ಇವೆ ಎಂದು ತಾಳೆ ನೋಡುವುದು. ವಾಕ್ಯ ಒಡೆದ ಕಡೆ ಸಂಖ್ಯೆ ಹೆಚ್ಚುತ್ತದೆ, ಅದಕ್ಕೆ ಕಾರಣ ಗುರುತಿಸಿದರಾಯಿತು. ಕಾರಣವಿಲ್ಲದೆ ಕಡಿಮೆಯಾಗಿದ್ದರೆ ಅಲ್ಲೊಂದು ಷರತ್ತು ಕಳೆದಿದೆ. ಆದರೆ ‘ಮಾತ್ರ’ದಂಥ ಒಳಸೇರ್ಪಡೆ ಎಣಿಕೆಗೆ ಸಿಗುವುದಿಲ್ಲ. ಅದಕ್ಕೆ ಇನ್ನೊಂದು ದಾರಿ ಬೇಕು. ಇಂಗ್ಲಿಷ್ ಪಾಠ ನೋಡದ ಒಬ್ಬ ಸೈಟ್ ಎಂಜಿನಿಯರ್ ಕೈಗೆ ಕನ್ನಡ ಪಾಠವನ್ನು ಕೊಟ್ಟು, ಪ್ರತಿ ವಾಕ್ಯದ ಪಕ್ಕದಲ್ಲಿ ‘ಇದನ್ನು ಮಾಡದಿದ್ದರೆ ನೀವು ಕೆಲಸವನ್ನು ತಿರಸ್ಕರಿಸುತ್ತೀರಾ, ಕಾರಣ ಕೇಳುತ್ತೀರಾ, ಸುಮ್ಮನಿರುತ್ತೀರಾ’ ಎಂಬ ಮೂರರಲ್ಲಿ ಒಂದನ್ನು ಗುರುತುಹಾಕಲು ಹೇಳುವುದು. ಬೇರೊಬ್ಬರು ಮೂಲಕ್ಕೆ ಅದೇ ರೀತಿ ಗುರುತುಹಾಕಿರುತ್ತಾರೆ. ಎರಡು ಪಟ್ಟಿಗಳು ಎಲ್ಲಿ ಬೇರೆಯಾದವೋ ಅಲ್ಲಿ ಅನುವಾದಕರು ಮತ್ತೆ ಕೂರಬೇಕು. ನೀರಿನ ಕಲಂನಲ್ಲಿ ಹೀಗೆ ಮಾಡಿದರೆ ಮೊದಲು ಬೇರೆಯಾಗುವುದು ಕ್ಯೂರಿಂಗ್ ನೀರಿನ ಸಾಲು ಎಂಬುದು ನನ್ನ ಊಹೆ. ಆ ನೀರು ಮೇಲ್ಮೈಗೆ ಕಲೆ ಹಚ್ಚುವಂತಿರಬಾರದು ಎಂಬುದಕ್ಕೆ ಮೂಲದಲ್ಲಿರುವುದು ‘ಶುಡ್ ನಾಟ್’. ಕನ್ನಡದಲ್ಲಿ ಕೈ ತಾನಾಗಿ ಬರೆಯುವುದು ‘ಬಾರದು’.